ಸ್ಪೀಕರ್ ಒಂದು ಹೇಳಿತು, ಹೆಡ್‌ಫೋನ್ ಇನ್ನೊಂದು: ಮನೆಯಲ್ಲೇ ಎಡಿಟಿಂಗ್ ಕೋಣೆ ಹೊಂದಿಸಿಕೊಂಡ ಬಗೆ

ಆರು ವಾರ ಹಿಡಿದ ಕೆಲಸ ಕಳೆದ ಭಾನುವಾರ ಮುಗಿಯಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಇದೇ ದಾರಿ ಹಿಡಿಯುವವರು ನಾನು ಕಳೆದ ಮೊದಲ ಮೂರು ವಾರಗಳನ್ನಾದರೂ ಉಳಿಸಿಕೊಳ್ಳಬಹುದು.

ಕೋಣೆ 3.6 ಮೀಟರ್ ಉದ್ದ, 3 ಮೀಟರ್ ಅಗಲ, 2.8 ಮೀಟರ್ ಎತ್ತರ. ಅಲ್ಲಿ ನಡೆಯುವುದು ಸಂದರ್ಶನಗಳ ಧ್ವನಿ ಎಡಿಟಿಂಗ್: ಎರಡು ದನಿ, ಅಲ್ಲಲ್ಲಿ ಹಿನ್ನೆಲೆ ಸಂಗೀತ. ಅಲ್ಲಿಯವರೆಗೆ ಎಲ್ಲವನ್ನೂ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್‌ನಲ್ಲೇ ಮಾಡುತ್ತಿದ್ದೆ. ಐದಿಂಚಿನ ವೂಫರ್ ಇರುವ ಒಂದು ಜೋಡಿ ಮಾನಿಟರ್ ಸ್ಪೀಕರ್ ಬಂದ ಮೇಲೆ ಕೆಲಸ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ.

ಮೊದಲು ಕೈಗೆತ್ತಿಕೊಂಡದ್ದು 12 ನಿಮಿಷದ ಒಂದು ಸಂದರ್ಶನ. ಅದರಲ್ಲಿ ಮಾತಾಡುವ ಗಂಡಸಿನ ದನಿ ಹೊಸ ಸ್ಪೀಕರ್‌ನಲ್ಲಿ ತೆಳುವಾಗಿ, ಎದೆಯಿಂದ ಬಾರದೆ ಬರೀ ಗಂಟಲಿನಿಂದ ಬಂದಂತೆ ಕೇಳಿತು. ಬೇಕಾದ ಆವರ್ತನವನ್ನಷ್ಟೇ ಏರಿಸುವ ಇಳಿಸುವ ಇಕ್ಯೂನಲ್ಲಿ ಹುಡುಕಿದಾಗ 150 ಹರ್ಟ್ಸ್ ಸುತ್ತ 4 ಡೆಸಿಬೆಲ್ ಏರಿಸಿದರೆ ಸರಿಯಾಗುತ್ತದೆ ಅನಿಸಿತು, ಏರಿಸಿದೆ. ಮರುದಿನ ಅದೇ ಫೈಲನ್ನು ಹೆಡ್‌ಫೋನ್‌ನಲ್ಲಿ ಕೇಳಿದರೆ ಹಂಡೆಯೊಳಗೆ ಬಾಯಿಟ್ಟು ಮಾತಾಡಿದ ಹಾಗಿತ್ತು. ಇಬ್ಬರಲ್ಲಿ ಯಾರನ್ನು ನಂಬುವುದು? ಕೋಣೆ ಹೊಂದಿಸುವ ಕೆಲಸವೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವಾಯಿತು.

ಮೊದಲು ಸರಿಯಾದದ್ದು ಕುರ್ಚಿ

ಮೇಜು ಉದ್ದ ಗೋಡೆಯ ಬದಿಗಿತ್ತು. ಹಾಗಿದ್ದರೆ ಬೆನ್ನ ಹಿಂದಿನ ಗೋಡೆ ತೀರ ಹತ್ತಿರವಾಗುತ್ತದೆ, ಅಲ್ಲಿಂದ ಮರಳಿದ ಸದ್ದು ತಕ್ಷಣವೇ, ಜೋರಾಗಿಯೇ ಕಿವಿಗೆ ಬರುತ್ತದೆ. ಮೇಜನ್ನು ಗಿಡ್ಡ ಗೋಡೆಗೆ ತಿರುಗಿಸಿದೆ. ಸ್ಪೀಕರ್‌ಗಳು ಈಗ ಕೋಣೆಯ ಉದ್ದಕ್ಕೆ ಮುಖ ಮಾಡಿದವು. ಎಡ ಬಲ ಗೋಡೆಗಳು ಸಮ ದೂರದಲ್ಲಿರಲೇಬೇಕು. ಇಲ್ಲದಿದ್ದರೆ ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಪ್ರತಿಫಲನ ಬಂದು, ನಡುವೆ ನಿಲ್ಲಬೇಕಾದ ದನಿ ಒಂದು ಕಡೆಗೆ ವಾಲುತ್ತದೆ.

ಕುರ್ಚಿಯನ್ನು ಕೋಣೆಯ ನಟ್ಟನಡುವೆ, ಮುಂದಿನ ಗೋಡೆಯಿಂದ 1.8 ಮೀಟರ್‌ಗೆ ಇಟ್ಟಿದ್ದೆ. ಅದು ಕೆಟ್ಟ ಜಾಗ. ಎದುರುಬದುರು ಗೋಡೆಗಳ ನಡುವೆ ಓಡಾಡುವ ಸದ್ದು ಕೆಲವು ಆವರ್ತನಗಳಲ್ಲಿ ನಿಂತ ಅಲೆಯಾಗುತ್ತದೆ. ಅವುಗಳಲ್ಲಿ ಅತಿ ಕೆಳಗಿನದ್ದನ್ನು ಲೆಕ್ಕ ಹಾಕುವುದು ಸುಲಭ. ಶಬ್ದದ ವೇಗವಾದ ಸೆಕೆಂಡಿಗೆ 343 ಮೀಟರನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರಾಯಿತು:

```
343 ÷ (2 × 3.6) ≈ 48 Hz
```

ಈ ಅಲೆಯ ಒತ್ತಡ ಗೋಡೆಗಳ ಬಳಿ ಹೆಚ್ಚು, ನಟ್ಟನಡುವೆ ಸೊನ್ನೆಗೆ ಹತ್ತಿರ. ಅಲ್ಲಿ ಕೂತರೆ ಆ ಆವರ್ತನವೇ ಕಿವಿಗೆ ಬೀಳುವುದಿಲ್ಲ. ಮುಂದಿನ ಗೋಡೆಯಿಂದ ಉದ್ದದ 38 ಶೇಕಡಾ ದೂರದಲ್ಲಿ ಕೂರಬೇಕು ಎಂಬುದು ಸ್ಟುಡಿಯೋ ಕಟ್ಟುವವರ ರೂಢಿಯ ಮಾತು. 3.6 ಮೀಟರ್‌ಗೆ ಅದು 1.37 ಮೀಟರ್ ಆಗುತ್ತದೆ. ಇದು ಕಟ್ಟಳೆಯಲ್ಲ, ಹುಡುಕಾಟ ಶುರುಮಾಡುವ ಜಾಗ ಅಷ್ಟೇ. ನಾನು ಆಗ 1.47ಕ್ಕೆ ಬಂದು ನಿಂತೆ. ಸ್ಪೀಕರ್‌ಗಳ ನಡುವೆ 1 ಮೀಟರ್, ಪ್ರತಿ ಸ್ಪೀಕರ್‌ನಿಂದ ತಲೆಗೂ 1 ಮೀಟರ್, ಟ್ವೀಟರ್ ಕಿವಿಯ ಎತ್ತರಕ್ಕೆ. ದೂರವನ್ನು ಕಣ್ಣಂದಾಜಿಗೆ ಬಿಡದೆ ದಾರ ಹಿಡಿದು ಅಳೆಯಿರಿ. ನನ್ನ ಅಂದಾಜು 6 ಸೆಂ.ಮೀ. ತಪ್ಪಿತ್ತು, ನಡುವಿನ ದನಿ ಎಡಕ್ಕೆ ಎಳೆಯಲು ಅಷ್ಟು ಸಾಕಾಗಿತ್ತು.

ಇಷ್ಟೆಲ್ಲ ಮಾಡಿದರೂ ಆ ಗಂಡಸಿನ ದನಿ ತೆಳುವಾಗಿಯೇ ಉಳಿಯಿತು.

ಗುಂಯ್ ಎನ್ನುವ ಸದ್ದು, ಮತ್ತೊಂದು ಮರೆಯ ತೊಡಕು

ನಡುವೆ ಒಂದು ವಾರ ಬೇರೆಯದಕ್ಕೇ ಹೋಯಿತು. ಸ್ಪೀಕರ್‌ಗಳಿಂದ ಸಣ್ಣಗೆ ಗುಂಯ್ ಎನ್ನುವ ಹಮ್, ಮೌಸ್ ಆಡಿಸಿದಾಗ ಅದರೊಳಗೆ ಕಿರಿಕಿರಿ. ಸ್ಪೀಕರ್‌ನದೇ ದೋಷವೆಂದು ಹಿಂದಿರುಗಿಸುವ ಯೋಚನೆಯಲ್ಲಿದ್ದೆ. ಆದರೆ ಕೇಬಲ್ ಬಿಚ್ಚಿ ಬರೀ ವಿದ್ಯುತ್ ಕೊಟ್ಟಾಗ ಸ್ಪೀಕರ್ ಸುಮ್ಮನಿತ್ತು. ಅಂದರೆ ತೊಂದರೆ ಕೇಬಲ್ ದಾರಿಯಲ್ಲಿ. ಕಂಪ್ಯೂಟರ್‌ನ ಧ್ವನಿಯನ್ನು ಸ್ಪೀಕರ್‌ಗೆ ಕಳಿಸುವ ಪೆಟ್ಟಿಗೆಯಾದ ಆಡಿಯೋ ಇಂಟರ್‌ಫೇಸ್‌ನಿಂದ ಆರ್‌ಸಿಎ ತುದಿಯ ಅನ್‌ಬ್ಯಾಲೆನ್ಸ್ಡ್ ಕೇಬಲ್ ಹಾಕಿದ್ದೆ. ಅದರಲ್ಲಿ ಹೊರಗಿನ ಹೊದಿಕೆಯೇ ಸಿಗ್ನಲ್ ಮರಳುವ ದಾರಿಯೂ ಆಗಿರುವುದರಿಂದ ಕಂಪ್ಯೂಟರ್‌ಗೂ ಸ್ಪೀಕರ್‌ಗೂ ನಡುವಿನ ಗ್ರೌಂಡ್ ಲೂಪ್‌ನ ಕರೆಂಟ್ ಸಿಗ್ನಲ್‌ನೊಳಗೇ ಬೆರೆಯುತ್ತದೆ. 6.35 ಮಿ.ಮೀ. ಟಿಆರ್‌ಎಸ್ ತುದಿಯ ಬ್ಯಾಲೆನ್ಸ್ಡ್ ಕೇಬಲ್ ಹಾಕಿ, ಎಲ್ಲವನ್ನೂ ಒಂದೇ ಪವರ್ ಬೋರ್ಡಿಗೆ ಜೋಡಿಸಿದ ಮೇಲೆ ಹಮ್ ನಿಂತಿತು. ಹಮ್ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕಳಚುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಎಂದಿಗೂ ಮಾಡಬೇಡಿ.

ಇನ್ನೊಂದು ತೊಡಕು ಕಂಪ್ಯೂಟರ್‌ನ ಧ್ವನಿ ಸೆಟ್ಟಿಂಗ್‌ನೊಳಗೆ ಅಡಗಿತ್ತು. ಹೆಡ್‌ಫೋನನ್ನು ಕಂಪ್ಯೂಟರ್‌ಗೇ ಚುಚ್ಚಿ ಕೇಳುತ್ತಿದ್ದೆ, ಆ ದಾರಿಯಲ್ಲಿ ಬೇಸ್ ಏರಿಸುವ 'ಎನ್‌ಹ್ಯಾನ್ಸ್‌ಮೆಂಟ್' ಮೊದಲಿನಿಂದಲೂ ಚಾಲೂ ಇತ್ತು. ಎರಡನ್ನೂ ಹೋಲಿಸುವ ಮೊದಲು ಹೆಡ್‌ಫೋನೂ ಸ್ಪೀಕರೂ ಒಂದೇ ಇಂಟರ್‌ಫೇಸ್‌ನಿಂದ, ಯಾವ ಸಂಸ್ಕರಣೆಯೂ ಇಲ್ಲದೆ ಬರುವಂತೆ ನೋಡಿಕೊಳ್ಳಿ.

ಅಳತೆ ಮೈಕ್ ಬಂದ ದಿನ

ಕಿವಿಯನ್ನು ನಂಬಿ ಇನ್ನು ಮುಂದೆ ಹೋಗಲಾಗದು ಎಂದು ಗೊತ್ತಾದ ಮೇಲೆ ಅಳತೆಗೆಂದೇ ಮಾಡಿದ, ಎಲ್ಲ ದಿಕ್ಕಿನ ಸದ್ದನ್ನೂ ಸಮನಾಗಿ ಹಿಡಿಯುವ ಓಮ್ನಿ ಮೈಕ್ ತರಿಸಿದೆ. ಬರಲು ಹತ್ತು ದಿನ ಕಾಯಬೇಕಾಯಿತು. ಮನೆಯಲ್ಲಿದ್ದ ದನಿ ರೆಕಾರ್ಡಿಂಗ್ ಮೈಕ್ ಸಾಲದೇ ಎಂದು ನಡುವೆ ಪ್ರಯತ್ನಿಸಿದ್ದೆ. ಸಾಲದು. ಅದು ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್. ಕಾರ್ಡಿಯಾಯ್ಡ್ ಮೈಕ್‌ನ ಬೇಸ್ ದೂರಕ್ಕೆ ತಕ್ಕಂತೆ ಬದಲಾಗುತ್ತದೆ, ಸುತ್ತಲಿಂದ ಬರುವ ಪ್ರತಿಫಲನವನ್ನು ಅದು ಸಮನಾಗಿ ಹಿಡಿಯುವುದೂ ಇಲ್ಲ. ಅಳತೆ ಮೈಕ್‌ಗೆ ಆಗುವ ಖರ್ಚು ಒಂದು ಜೋಡಿ ಸ್ಪೀಕರ್‌ನದಕ್ಕಿಂತ ಎಷ್ಟೋ ಕಡಿಮೆ. ಇನ್ನೊಮ್ಮೆ ಮಾಡುವುದಾದರೆ ಮೈಕನ್ನು ಸ್ಪೀಕರ್ ಜೊತೆಗೇ ತರಿಸುತ್ತೇನೆ.

ಅಳೆಯಲು, ಪ್ರತಿ ಆವರ್ತನದ ಮಟ್ಟವನ್ನು ಗೆರೆಯಾಗಿ ತೋರಿಸುವ REW ಎಂಬ ಉಚಿತ ತಂತ್ರಾಂಶ ಸಾಕು. ಮೈಕ್ ಜೊತೆ ಬರುವ ಕ್ಯಾಲಿಬ್ರೇಶನ್ ಫೈಲನ್ನು ಮೊದಲು ಅದಕ್ಕೆ ಕೊಡಬೇಕು. ಮೈಕನ್ನು ಸ್ಟ್ಯಾಂಡಿನ ಮೇಲೆ, ನಿಮ್ಮ ತಲೆ ಇರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ನಿಲ್ಲಿಸಿ. ನೀವು ಕುರ್ಚಿಯಿಂದ ಎದ್ದು ಬದಿಗೆ ಹೋಗಿ, ಸಾಧ್ಯವಾದರೆ ಕುರ್ಚಿಯನ್ನೂ ಸರಿಸಿ. ಎಡ ಸ್ಪೀಕರ್ ಒಂದನ್ನೇ, ಆಮೇಲೆ ಬಲದ್ದೊಂದನ್ನೇ, ಕೊನೆಗೆ ಎರಡನ್ನೂ ಸೇರಿಸಿ 20ರಿಂದ 20,000 ಹರ್ಟ್ಸ್‌ವರೆಗೆ ಏರುತ್ತ ಹೋಗುವ ಪರೀಕ್ಷೆಯ ಸದ್ದು, ಅಂದರೆ ಸ್ವೀಪ್ ಓಡಿಸಿ. ಕೆಳ ಆವರ್ತನ ನೋಡುವಾಗ ಗೆರೆಯನ್ನು ನುಣುಪಾಗಿಸುವ ಸ್ಮೂದಿಂಗ್ 1/12 ಆಕ್ಟೇವ್‌ಗಿಂತ ಒರಟಾಗಿರಬಾರದು. 1/3 ಇಟ್ಟರೆ ಗೆರೆ ಚಂದ ಕಾಣುತ್ತದೆ, ಗುಂಡಿಗಳು ಮುಚ್ಚಿಹೋಗುತ್ತವೆ.

ಗೆರೆ ಮೂಡಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು. 150 ಹರ್ಟ್ಸ್‌ನಲ್ಲಿ ಸುತ್ತಲಿಗಿಂತ 9 ಡೆಸಿಬೆಲ್ ಆಳದ ಗುಂಡಿ, ಎಡಬಲ ಎರಡರಲ್ಲೂ. ಆ ದನಿಯ ಮೈಯೆಲ್ಲ ಬಿದ್ದುಹೋಗಿದ್ದು ಈ ಗುಂಡಿಗೆ. ತಪ್ಪು ದನಿಯದಲ್ಲ, ಸ್ಪೀಕರ್‌ನದೂ ಅಲ್ಲ.

ಗುಂಡಿಯ ಮೂಲ

ಕೆಳ ಆವರ್ತನದ ಸದ್ದು ಸ್ಪೀಕರ್‌ನಿಂದ ಮುಂದಕ್ಕಷ್ಟೇ ಅಲ್ಲ, ಸುತ್ತಲೂ ಹರಡುತ್ತದೆ. ಹಿಂದಕ್ಕೆ ಹೋದದ್ದು ಗೋಡೆಗೆ ಬಡಿದು ಮರಳಿ ಬರುತ್ತದೆ. ಗೋಡೆಗೆ ಹೋಗಿ ಬರುವ ದಾರಿ ಅರ್ಧ ಅಲೆಯಷ್ಟಾದಾಗ ನೇರ ಸದ್ದು ಮೇಲಕ್ಕೆ ತಳ್ಳುವ ಹೊತ್ತಿಗೆ ಮರಳಿದ ಸದ್ದು ಕೆಳಕ್ಕೆ ಎಳೆಯುತ್ತದೆ, ಎರಡೂ ಒಂದನ್ನೊಂದು ತಿನ್ನುತ್ತವೆ. ನನ್ನ ಸ್ಪೀಕರ್‌ನ ಮುಂಬದಿಯಿಂದ ಗೋಡೆಗೆ 60 ಸೆಂ.ಮೀ. ಇತ್ತು:

```
343 ÷ (4 × 0.6) ≈ 143 Hz
```

ಸ್ಪೀಕರ್‌ಗಳು ಓರೆಯಾಗಿ ನಿಂತಿರುವುದರಿಂದ ದಾರಿಯ ವ್ಯತ್ಯಾಸ ಸ್ವಲ್ಪ ಕಡಿಮೆಯಾಗಿ ಗುಂಡಿ 150ರ ಹತ್ತಿರ ಬಂದಿದೆ. ಲೆಕ್ಕ ಹೊಂದಿತೆಂದು ಅಷ್ಟಕ್ಕೇ ನಂಬಬಾರದು, ಪರೀಕ್ಷಿಸುವ ದಾರಿ ಇದೆ. ಕುರ್ಚಿ ಮತ್ತು ಮೈಕ್ ಕದಲಿಸದೆ ಸ್ಪೀಕರ್‌ಗಳನ್ನಷ್ಟೇ 10 ಸೆಂ.ಮೀ. ಗೋಡೆಯತ್ತ ಸರಿಸಿ ಮತ್ತೆ ಅಳೆದೆ. ಗುಂಡಿ 180ಕ್ಕೆ ಏರಿತು. ಸ್ಪೀಕರ್ ಸರಿಸಿದಂತೆ ಗುಂಡಿಯೂ ಸರಿದರೆ ಕಾರಣ ಹತ್ತಿರದ ಗೋಡೆಯ ಪ್ರತಿಫಲನ. ಸ್ಪೀಕರ್ ಎಲ್ಲಿಟ್ಟರೂ ಅದೇ ಆವರ್ತನದಲ್ಲಿ ನಿಂತು, ಮೈಕ್ ಸರಿಸಿದಾಗ ಮಾತ್ರ ತುಂಬಿಕೊಂಡರೆ ಅದು ಕೋಣೆಯದೇ ನಿಂತ ಅಲೆ, ಆಗ ಕುರ್ಚಿ ಸರಿಸಬೇಕು.

ಇಕ್ಯೂ ಹಾಕಿ ಈ ಗುಂಡಿ ತುಂಬಬಹುದೇ ಎಂದು ನಾನೂ ನೋಡಿದೆ. 6 ಡೆಸಿಬೆಲ್ ಏರಿಸಿದರೂ ಗೆರೆ ಸುತ್ತಲಿನ ಮಟ್ಟಕ್ಕೆ ಬರಲಿಲ್ಲ. ನೇರ ಸದ್ದನ್ನು ಏರಿಸಿದಷ್ಟೇ ಗೋಡೆಯಿಂದ ಮರಳುವುದೂ ಏರುತ್ತದೆ. ವೂಫರ್ ಬಳಲುತ್ತದೆ, ಕುರ್ಚಿಯ ಆಚೆ ಇಡೀ ಕೋಣೆಯಲ್ಲಿ 150 ಹರ್ಟ್ಸ್ ಹೂಂಕರಿಸುತ್ತದೆ. ಉಬ್ಬನ್ನು ಇಕ್ಯೂನಿಂದ ತಗ್ಗಿಸಬಹುದು, ಇಂಥ ಗುಂಡಿಯನ್ನು ತುಂಬಲಾಗದು.

ಉಳಿದ ದಾರಿ ಗುಂಡಿಯನ್ನು ಮೇಲಕ್ಕೆ, ಹೀರುವ ವಸ್ತು ಕೆಲಸ ಮಾಡುವ ಕಡೆಗೆ ಅಟ್ಟುವುದು. ಅಂದರೆ ಸ್ಪೀಕರ್‌ಗಳನ್ನು ಗೋಡೆಗೆ ಹತ್ತಿರ ಒಯ್ದು, ಹಿಂದೆ ದಪ್ಪ ಪ್ಯಾನೆಲ್ ನಿಲ್ಲಿಸುವುದು. ಪ್ಯಾನೆಲ್ 10 ಸೆಂ.ಮೀ., ಹಿಂಬದಿಯ ಪೋರ್ಟ್‌ಗೆ ಜಾಗ 5 ಸೆಂ.ಮೀ., ಪೆಟ್ಟಿಗೆಯ ಆಳ 25 ಸೆಂ.ಮೀ.: ಒಟ್ಟು 40. ಗುಂಡಿ 150ರಿಂದ 230ರ ಸುತ್ತಕ್ಕೆ ಹೋಯಿತು, ಅಲ್ಲಿ 10 ಸೆಂ.ಮೀ. ಪ್ಯಾನೆಲ್‌ಗೆ ಅದನ್ನು ಹಿಡಿಯುವ ಶಕ್ತಿ ಇದೆ. ಸ್ಪೀಕರ್‌ಗಳ ನಡುವಿನ ದೂರ 1.1 ಮೀಟರ್‌ಗೆ ಹೆಚ್ಚಿತು, ಕುರ್ಚಿ ತಾನಾಗಿ 1.35 ಮೀಟರ್‌ಗೆ ಬಂತು. ರೂಢಿಯ 38 ಶೇಕಡಾಕ್ಕೆ ಬಹಳ ಹತ್ತಿರ.

ಗೋಡೆಗೆ ಹತ್ತಿರವಾದರೆ ಬೇಸ್ ಉಬ್ಬುತ್ತದೆ, ಅದನ್ನು ಮರೆಯಬಾರದು. ಬಹಳಷ್ಟು ಮಾನಿಟರ್‌ಗಳ ಬೆನ್ನಲ್ಲಿ ಕೆಳ ಆವರ್ತನ ತಗ್ಗಿಸುವ ಸ್ವಿಚ್ ಇರುವುದು ಇದಕ್ಕೇ. ಅದನ್ನು −2ಕ್ಕೆ ಇಟ್ಟು ಮತ್ತೆ ಅಳೆದಾಗ ಗೆರೆ ನೇರವಾಗಿ ಕೂತಿತು.

ಪ್ಯಾನೆಲ್ ಕಟ್ಟಿದ್ದು

ಒಟ್ಟು ಆರು ಪ್ಯಾನೆಲ್. ಪ್ರತಿಯೊಂದೂ 120 × 60 ಸೆಂ.ಮೀ., 10 ಸೆಂ.ಮೀ. ದಪ್ಪ, ಮರದ ಚೌಕಟ್ಟಿನೊಳಗೆ ಘನ ಮೀಟರ್‌ಗೆ 48 ಕಿಲೋ ಸಾಂದ್ರತೆಯ ರಾಕ್‌ವೂಲ್. 5 ಸೆಂ.ಮೀ. ದಪ್ಪದ ಎರಡು ಹಾಳೆ ಒಂದರ ಮೇಲೊಂದು ಇಟ್ಟರೂ ಆಗುತ್ತದೆ. ಹೊದಿಕೆ ಬಟ್ಟೆಯನ್ನು ಬಾಯಿಗೊತ್ತಿ ಊದಿ ನೋಡಿ: ಗಾಳಿ ಸಲೀಸಾಗಿ ಹಾಯಬೇಕು. ಹಾಯದ ಬಟ್ಟೆ ಮೇಲಿನ ಆವರ್ತನಗಳನ್ನು ತಿರುಗಿ ಎಸೆಯುತ್ತದೆ. ಕತ್ತರಿಸುವಾಗ ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಬೇಕೇ ಬೇಕು. ನಾನು ತೋಳು ಮಡಚಿಕೊಂಡು ಕತ್ತರಿಸಿ ಎರಡು ದಿನ ಕೈ ಕೆರೆದುಕೊಂಡೆ.

ಎರಡು ಸ್ಪೀಕರ್‌ಗಳ ಹಿಂದೆ, ಎರಡು ಪಕ್ಕದ ಗೋಡೆಗಳಿಗೆ, ಎರಡು ಬೆನ್ನ ಹಿಂದಿನ ಗೋಡೆಗೆ. ಪಕ್ಕದ ಗೋಡೆಯಲ್ಲಿ ಎಲ್ಲಿ ಎಂಬುದಕ್ಕೆ ಕನ್ನಡಿ ಸಾಕು. ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಕನ್ನಡಿಯನ್ನು ಗೋಡೆಗೆ ಒತ್ತಿ ಸರಿಸುತ್ತ ಹೋದಾಗ ಸ್ಪೀಕರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ. ಅಲ್ಲಿ ಪ್ಯಾನೆಲ್ ಬಂದ ಮೇಲೆ ನಡುವಿನ ದನಿ ಗೆರೆ ಎಳೆದಂತೆ ಒಂದು ಕಡೆ ನಿಂತಿತು. ತೆಳು ಫೋಮ್ ಹಾಳೆಯನ್ನು ಗೋಡೆ ತುಂಬ ಅಂಟಿಸುವುದು ಬೇಡ. ಅದು ಚಪ್ಪಾಳೆಯ ಸದ್ದನ್ನು ಕೊಲ್ಲುತ್ತದೆ, ಕೆಳಗಿನದನ್ನು ಮುಟ್ಟುವುದೇ ಇಲ್ಲ. ಕೋಣೆ ಮಂಕಾಗಿ, ಬೇಸ್ ಮಾತ್ರ ಗುಮ್ಮೆನ್ನುತ್ತದೆ.

ಇಷ್ಟಾದ ಮೇಲೂ 110 ಹರ್ಟ್ಸ್ ಬಳಿ 4 ಡೆಸಿಬೆಲ್‌ನ ಗುಂಡಿ ಉಳಿದಿದೆ. ಅದು ಪಕ್ಕದ ಗೋಡೆಗಳದ್ದು. 3 ಮೀಟರ್ ಅಗಲದ ಕೋಣೆಯಲ್ಲಿ ಅದರಿಂದ ತಪ್ಪಿಸಿಕೊಳ್ಳುವಷ್ಟು ಜಾಗವಿಲ್ಲ, 10 ಸೆಂ.ಮೀ. ಪ್ಯಾನೆಲ್‌ಗೆ ಅದನ್ನು ಹೀರುವ ಶಕ್ತಿಯೂ ಇಲ್ಲ. ಗುಂಡಿ ಎಲ್ಲಿದೆ ಎಂದು ಗೊತ್ತಿರುವುದರಿಂದ ಆ ಆವರ್ತನದ ತೀರ್ಮಾನವನ್ನು ಈಗ ಹೆಡ್‌ಫೋನ್‌ಗೆ ಬಿಡುತ್ತೇನೆ.

ಹೆಡ್‌ಫೋನನ್ನೂ ಪರೀಕ್ಷಿಸಬೇಕು

ಸ್ಪೀಕರ್ ಸುಳ್ಳು ಹೇಳಿತೆಂದ ಮಾತ್ರಕ್ಕೆ ಹೆಡ್‌ಫೋನ್ ಪೂರ್ತಿ ನಿಜ ಹೇಳಿತೆಂದಲ್ಲ. ಅದಕ್ಕೆ ಕೋಣೆಯ ಕಾಟವಿಲ್ಲ, ತಲೆಯ ಕಾಟವಿದೆ. ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್‌ನ ಬೇಸ್ ನಿಂತಿರುವುದು ಕಿವಿಯ ಸುತ್ತ ಪ್ಯಾಡ್ ಬಿಗಿಯಾಗಿ ಕೂರುವುದರ ಮೇಲೆ. ಕನ್ನಡಕದ ಕಡ್ಡಿ ಸಣ್ಣ ಸಂದು ಮಾಡಿದರೂ ಬೇಸ್ ಸೋರುತ್ತದೆ. ಬೇಸ್ ಇರುವ ಸಂಗೀತ ಹಾಕಿ ಎರಡೂ ಕಪ್‌ಗಳನ್ನು ಮೆಲ್ಲಗೆ ತಲೆಗೆ ಒತ್ತಿ ನೋಡಿ. ಬೇಸ್ ಏರಿದರೆ ಸೋರಿಕೆ ಇದೆ. ನನ್ನದರ ಪ್ಯಾಡ್‌ಗಳು ಚಪ್ಪಟೆಯಾಗಿದ್ದವು, ಕನ್ನಡಕವೂ ಇದೆ. ದಿನದಿಂದ ದಿನಕ್ಕೆ ಬೇರೆ ಬೇರೆ ಬೇಸ್ ಕೇಳುತ್ತಿದ್ದೆ.

ಓಪನ್-ಬ್ಯಾಕ್ ಹೆಡ್‌ಫೋನ್‌ಗೆ ಬದಲಾಯಿಸಿದೆ. ಅದರ ಬೇಸ್ ಈ ಬಿಗಿತಕ್ಕೆ ಅಷ್ಟಾಗಿ ಜೋತುಬಿದ್ದಿಲ್ಲ, ತಾಸುಗಟ್ಟಲೆ ಹಾಕಿಕೊಂಡರೂ ಕಿವಿ ಬೇಯುವುದಿಲ್ಲ. ಆದರೆ ಸದ್ದು ಹೊರಗೂ ಒಳಗೂ ಹಾಯುತ್ತದೆ, ಮೈಕ್ ಮುಂದೆ ರೆಕಾರ್ಡಿಂಗ್ ಮಾಡುವಾಗ ಕ್ಲೋಸ್ಡ್ ಬ್ಯಾಕೇ ಬೇಕು. ಕೊಳ್ಳುವಾಗ ಇಂಪೀಡೆನ್ಸ್ ನೋಡಿ. 250 ಓಮ್‌ನದ್ದನ್ನು ಸಣ್ಣ ಇಂಟರ್‌ಫೇಸ್‌ಗೆ ಚುಚ್ಚಿದರೆ ಎಷ್ಟು ತಿರುಗಿಸಿದರೂ ಸದ್ದು ಸಾಲದೆ ಹೋಗಬಹುದು.

ಇನ್ನು ಮಟ್ಟ. ಸದ್ದು ಜೋರಾದಷ್ಟೂ ಕಿವಿಗೆ ಬೇಸ್ ಹೆಚ್ಚು ತುಂಬಿದಂತೆ ಕೇಳುತ್ತದೆ, ಅದು ಮನುಷ್ಯನ ಕಿವಿಯ ಗುಣ. ಎರಡನ್ನೂ ಬೇರೆ ಬೇರೆ ಮಟ್ಟದಲ್ಲಿ ಕೇಳಿ ಹೋಲಿಸಿದರೆ ಹೋಲಿಕೆಯೇ ಸುಳ್ಳು. −20 dBFS ಆರ್‌ಎಂಎಸ್ ಮಟ್ಟದ ಪಿಂಕ್ ನಾಯ್ಸ್ ಎಂಬ ಪರೀಕ್ಷೆಯ ಸದ್ದನ್ನು ಒಂದೊಂದೇ ಸ್ಪೀಕರ್‌ಗೆ ಕೊಟ್ಟು, ಸದ್ದು ಅಳೆಯುವ ಮೀಟರ್‌ನ ಸಿ-ವೆಯ್ಟಿಂಗ್‌ನಲ್ಲಿ, ಕೂರುವ ಜಾಗದಲ್ಲಿ 76 ಡೆಸಿಬೆಲ್ ಬರುವಂತೆ ನಾಬ್ ತಿರುಗಿಸಿದೆ. ಅಮೆರಿಕದ ಟಿವಿ ಪ್ರಸಾರದ ಎಟಿಎಸ್‌ಸಿ ಎ/85 ಮಾರ್ಗಸೂಚಿ 1,500 ಘನ ಅಡಿಗಿಂತ ಸಣ್ಣ ಕೋಣೆಗೆ ಹೇಳುವ ಮಟ್ಟ ಅದು. ನನ್ನ ಕೋಣೆ ಸುಮಾರು 30 ಘನ ಮೀಟರ್, ಅಂದರೆ 1,070 ಘನ ಅಡಿ. ನಾಬ್ ನಿಂತ ಕಡೆ ಟೇಪ್ ಅಂಟಿಸಿದೆ. ಆಮೇಲೆ ಅದೇ ದನಿಯನ್ನು ಹೆಡ್‌ಫೋನ್ ಹಾಕಿ ತೆಗೆದು, ಹಾಕಿ ತೆಗೆದು, ಎರಡೂ ಒಂದೇ ಜೋರಿಗೆ ಕೇಳುವವರೆಗೆ ಹೊಂದಿಸಿ ಅಲ್ಲಿಯೂ ಒಂದು ಟೇಪ್.

ಮತ್ತೆ ಆ 12 ನಿಮಿಷ

ಹಳೆಯ ಇಕ್ಯೂ ತೆಗೆದುಹಾಕಿ ಮೊದಲಿನಿಂದ ಶುರುಮಾಡಿದೆ. ಈ ಸಲ ಯಾವುದನ್ನು ಎಲ್ಲಿ ತೀರ್ಮಾನಿಸಬೇಕು ಎಂಬುದು ಕೆಲಸ ಮಾಡುತ್ತಲೇ ಬಿಡಿಸಿಕೊಂಡಿತು.

ಕತ್ತರಿಸುವ ಜೋಡಿಸುವ ಕೆಲಸವೆಲ್ಲ ಹೆಡ್‌ಫೋನ್‌ನಲ್ಲಿ. ಎರಡು ವಾಕ್ಯ ಸೇರುವ ಕಡೆ ಹಿನ್ನೆಲೆಯ ನಿಶ್ಶಬ್ದ ಬದಲಾಗುವುದು, ಅರ್ಧಕ್ಕೆ ಕತ್ತರಿಸಿದ ಉಸಿರು, ತುಟಿ ಅಂಟಿದ ಚಿಟಿಕೆ ಸದ್ದು, ನಾಯ್ಸ್ ತೆಗೆಯುವ ಪ್ಲಗಿನ್ ಅತಿಯಾದಾಗ ಪದಗಳ ಬಾಲದಲ್ಲಿ ಬರುವ ನೀರಿನೊಳಗಿನಂಥ ಗುಳುಗುಳು, ಇವೆಲ್ಲ ಸ್ಪೀಕರ್‌ನಲ್ಲಿ ಕೋಣೆಯ ಸದ್ದಿನೊಳಗೆ ಮುಳುಗಿಹೋಗುತ್ತವೆ. ಸ್ಪೀಕರ್‌ನಲ್ಲಿ ಸ್ವಚ್ಛವೆನಿಸಿದ ಮೂರು ನಿಮಿಷದಲ್ಲಿ ಹೆಡ್‌ಫೋನ್ ಏಳು ಕೆಟ್ಟ ಜೋಡಣೆ ತೋರಿಸಿತು.

ಗಂಡಸಿನ ದನಿ ಈಗ ಸ್ಪೀಕರ್‌ನಲ್ಲೂ ಹೆಡ್‌ಫೋನ್‌ನಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಕೇಳಿತು: ತೆಳುವಲ್ಲ, ಬದಲಿಗೆ ತುಸು ಭಾರ. ಮೈಕ್‌ಗೆ ಬಾಯಿ ಹತ್ತಿರವಿಟ್ಟು ಮಾತಾಡಿದ್ದರ ಫಲ. 4 ಏರಿಸಿದ್ದ ಕಡೆಯೇ 1.5 ಡೆಸಿಬೆಲ್ ತಗ್ಗಿಸಿದೆ. ಮೊದಲ ತೀರ್ಮಾನಕ್ಕೂ ಕೊನೆಯದಕ್ಕೂ ನಡುವೆ 5.5 ಡೆಸಿಬೆಲ್ ಅಂತರ, ಅದೂ ಉಲ್ಟಾ ದಿಕ್ಕಿನಲ್ಲಿ.

ಹಿನ್ನೆಲೆ ಸಂಗೀತದ ಮಟ್ಟಕ್ಕೆ ಮಾತ್ರ ಸ್ಪೀಕರನ್ನೇ ನಂಬಬೇಕು. ಹೆಡ್‌ಫೋನ್‌ನಲ್ಲಿ ಎಡದ್ದು ಎಡಗಿವಿಗಷ್ಟೇ, ಬಲದ್ದು ಬಲಗಿವಿಗಷ್ಟೇ. ಸಂಗೀತ ಎರಡು ಬದಿಗೆ ಹರಡಿಕೊಂಡು, ದನಿ ತಲೆಯ ನಡುವೆ ಒಂಟಿಯಾಗಿ ನಿಲ್ಲುವುದರಿಂದ ಸಂಗೀತ ಸ್ವಲ್ಪ ಜೋರಿದ್ದರೂ ಮಾತು ತಿಳಿಯುತ್ತದೆ. ಸ್ಪೀಕರ್‌ನಲ್ಲಿ ಎರಡೂ ಗಾಳಿಯಲ್ಲಿ ಬೆರೆತು ಎರಡೂ ಕಿವಿಗೆ ಬರುತ್ತವೆ, ಮಾತಿನ ಮೇಲೆ ಸಂಗೀತ ಬೀಳುತ್ತದೆ. ಹೆಡ್‌ಫೋನ್‌ನಲ್ಲಿ ಇಟ್ಟಿದ್ದ ಸಂಗೀತವನ್ನು ಸ್ಪೀಕರ್‌ನಲ್ಲಿ ಕೇಳಿ 3 ಡೆಸಿಬೆಲ್ ಇಳಿಸಬೇಕಾಯಿತು. ರಿವರ್ಬ್‌ಗೆ ತಿರುಗಾ: ಹೆಡ್‌ಫೋನ್‌ನಲ್ಲಿ ಅದರ ಬಾಲ ಚೆನ್ನಾಗಿ ಕೇಳುವುದರಿಂದ ಕಡಿಮೆ ಹಾಕುತ್ತೇವೆ, ಸ್ಪೀಕರ್‌ನಲ್ಲಿ ಅದು ಇದ್ದಂತೆಯೇ ಅನಿಸುವುದಿಲ್ಲ. ಇಬ್ಬರು ಮಾತಾಡುವವರನ್ನು ಎಡಕ್ಕೊಬ್ಬ ಬಲಕ್ಕೊಬ್ಬ ಎಂದು ಪೂರ್ತಿ ಸರಿಸಿದ್ದೆ. ಸ್ಪೀಕರ್‌ನಲ್ಲಿ ಸಹಜವಾಗಿತ್ತು, ಹೆಡ್‌ಫೋನ್‌ನಲ್ಲಿ ಒಂದು ಕಿವಿ ಕಿವುಡಾದಂತೆ ಹಿಂಸೆ. ಇಬ್ಬರನ್ನೂ ನಡುವಿನ ಹತ್ತಿರಕ್ಕೆ ತಂದೆ.

ಕೊನೆಯ ಅಚ್ಚರಿ ಎಡಬಲ ಎರಡನ್ನೂ ಒಂದಾಗಿ ಕೂಡಿಸುವ ಮೋನೋ ಬಟನ್‌ನಿಂದ ಬಂತು. ಶುರುವಿನ ಸಂಗೀತದ ತಂತಿವಾದ್ಯ ಹೆಡ್‌ಫೋನ್‌ನಲ್ಲಿ ಅಗಲವಾಗಿ, ಸೊಗಸಾಗಿ ಕೇಳುತ್ತಿತ್ತು. ಮೋನೋ ಒತ್ತಿದೊಡನೆ ಬಹುಪಾಲು ಮಾಯ. ಅಗಲ ಹೆಚ್ಚಿಸುವ ಪ್ಲಗಿನ್ ಒಂದು ಬದಿಯ ಫೇಸನ್ನು, ಅಂದರೆ ಅಲೆಯ ಏರಿಳಿತವನ್ನು, ಉಲ್ಟಾ ತಿರುಗಿಸಿತ್ತು. ಹೆಡ್‌ಫೋನ್‌ನಲ್ಲಿ ಎಡ ಬಲ ಗಾಳಿಯಲ್ಲಿ ಕೂಡುವುದೇ ಇಲ್ಲವಾದ್ದರಿಂದ ಒಂದನ್ನೊಂದು ಅಳಿಸುವುದು ಅಲ್ಲಿ ಗೊತ್ತಾಗದು. ಪ್ಲಗಿನ್ ತೆಗೆದೆ, ಮೋನೋದಲ್ಲಿ ತಂತಿ ಮರಳಿ ಬಂತು. ಒಂದೇ ಸ್ಪೀಕರ್ ಇರುವ ಫೋನ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿ, ಮೀಟರ್‌ನಲ್ಲಿ ಒಟ್ಟಾರೆ ಜೋರು −16 LUFS ಇರುವುದನ್ನು ನೋಡಿಕೊಂಡು, ಫೈಲ್ ಕಳಿಸಿದೆ.